ಬಂಧನದ ದಿನವೂ ತೀರ್ಪಿನ ದಿನವೂ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯು 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದಿತು. ಆದುದರಿಂದ ಬ್ರಿಟಿಷರ ಕಾಲದಲ್ಲಿ ಇಲ್ಲಿಯ ದೇಶಭಕ್ತರ ವಿಚಾರಣೆಯು 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿಗನುಸಾರವಾಗಿ ನಡೆಯುತ್ತಿದ್ದಿತು. ಆ ಶಾಸನವನ್ನರಿಯದೆ ಕಡತಗಳನ್ನೋದುವವನಿಗೆ ಕಾಲನಿರ್ಣಯದಲ್ಲಿ ಪ್ರಮಾದವು ಸಂಭವಿಸುತ್ತದೆ.

ಆ ಕೋಡಿನಲ್ಲಿ ವಿಚಾರಣಾಕಾಲದ ಬಂಧನವನ್ನು ಶಿಕ್ಷೆಯಲ್ಲಿ ಕಳೆಯುವ ವಿಧಿಯಿರಲಿಲ್ಲ. ಅದು 1973ರ ಕೋಡಿನಲ್ಲಿ ಬಂದಿತು. ಶಿಕ್ಷೆಯು ಸಾಮಾನ್ಯವಾಗಿ ತೀರ್ಪಿನ ದಿನದಿಂದಲೇ ಮೊದಲಾಗುತ್ತಿದ್ದಿತು. ಬಿಡುಗಡೆಯ ದಿನದಿಂದ ಹಿಂದಕ್ಕೆಣಿಸಿದರೆ, ಮಾಫಿಯಿಲ್ಲದಿದ್ದಲ್ಲಿ, ದೊರೆಯುವುದು ತೀರ್ಪಿನ ದಿನವೇ ಹೊರತು ಬಂಧನದ ದಿನವಲ್ಲ.

ಗಾಂಧೀಜಿಯವರ ಮೊಕದ್ದಮೆಯೇ ಇದಕ್ಕೆ ನಿದರ್ಶನ. ಅವರನ್ನು ಹಿಡಿದುದು 1922ರ ಮಾರ್ಚ್ 10ರಂದು, ತೀರ್ಪಾದುದು 18ರಂದು. ಯಂಗ್ ಇಂಡಿಯಾದ ಮೂರು ಲೇಖನಗಳಿಗಾಗಿ 124ಎ ಕಲಮಿನನ್ವಯ ಆರು ವರ್ಷಗಳ ಸಾದಾ ಸಜೆ ವಿಧಿಸಲ್ಪಟ್ಟಿತು. ಆದರೆ 1924ರ ಫೆಬ್ರವರಿ 5ರಂದೇ ಬಿಡುಗಡೆಯಾಯಿತು. ತೀರ್ಪಿನಲ್ಲಿರುವ ಅವಧಿಯನ್ನು ಅನುಭವಿಸಿದ ಅವಧಿಯೆಂದು ಬರೆಯುವುದು ತಪ್ಪೆಂಬುದು ಇದರಿಂದ ಸ್ಪಷ್ಟ.

ಆದುದರಿಂದ ಬಂಧನದ ದಿನವನ್ನು ರಿಮಾಂಡ್ ಆಜ್ಞೆಯಲ್ಲಿ ಹುಡುಕತಕ್ಕದ್ದು: 61ನೆಯ ಕಲಮಿನಂತೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ, ಪ್ರಯಾಣಕಾಲವನ್ನು ಬಿಟ್ಟು, 24 ಗಂಟೆಗಳಿಗಿಂತ ಹೆಚ್ಚು ಹಿಡಿದಿಡುವಂತಿರಲಿಲ್ಲ. ಅಪರಾಧವೂ ಕಲಮೂ ಶಿಕ್ಷೆಯೂ 367ನೆಯ ಕಲಮಿನಂತೆ ತೀರ್ಪಿನಲ್ಲಿ ನಮೂದಾಗಬೇಕಾಗಿದ್ದಿತು.

ಇಷ್ಟಾದರೂ ಒಂದು ಮಿತಿಯುಂಟು. 1942ರಲ್ಲಿ ಅನೇಕರನ್ನು ಭಾರತ ರಕ್ಷಣಾ ನಿಯಮಗಳ 26ನೆಯ ನಿಯಮದಂತೆ ವಿಚಾರಣೆಯಿಲ್ಲದೆ ಸೆರೆಯಲ್ಲಿಡಲಾಯಿತು. ಅವರ ಮೇಲೆ ಆರೋಪಪತ್ರವೂ ಇಲ್ಲ, ತೀರ್ಪೂ ಇಲ್ಲ. ನ್ಯಾಯಾಲಯದ ಕಡತವಿಲ್ಲವೆಂದ ಮಾತ್ರಕ್ಕೆ ಸೆರೆವಾಸವೇ ಸುಳ್ಳೆಂದು ನಿರ್ಣಯಿಸುವುದು ಅನ್ಯಾಯ. ಅಂಥವರ ವಿಷಯದಲ್ಲಿ ಸರಕಾರದ ಬಂಧನಾಜ್ಞೆಯೂ ಸೆರೆಮನೆಯ ದಾಖಲೆಯೂ ಪ್ರಮಾಣ.