ಆಲೂ ಟಿಕ್ಕಿ

ಬೇಯಿಸಿದ ಆಲೂಗಡ್ಡೆಯನ್ನು ಬಿಲ್ಲೆಯಾಗಿ ತಟ್ಟಿ, ಹಂಚಿನ ಮೇಲೆ ಕಡಿಮೆ ಎಣ್ಣೆಯಲ್ಲಿ ಕೆಂಪಗೆ ಹುರಿದ ಉತ್ತರ ಭಾರತ ಮೂಲದ ತಿನಿಸು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಅಡುಗೆಮನೆಗಳಲ್ಲಿ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚೇ ಇದಕ್ಕೂ ಸಾಕು. ದಪ್ಪ ಹಂಚು ಕಾವನ್ನು ಹಿಡಿದಿಡುವುದರಿಂದ ಹೊರಪದರ ಸಮನಾಗಿ ಗರಿಗರಿಯಾಗುತ್ತದೆ.

ಟಿಕ್ಕಿ ಕೆಡುವುದು ಹೆಚ್ಚಾಗಿ ನೀರಿನಿಂದ. ಆಲೂಗಡ್ಡೆಯನ್ನು ಸಿಪ್ಪೆಸಹಿತ ಬೇಯಿಸಿ, ಬಿಸಿಯಿರುವಾಗಲೇ ಸುಲಿದು, ಹಬೆ ಹೋಗುವಂತೆ ಹರವಿ ಪೂರ್ತಿ ಆರಿಸಬೇಕು. ಅರ್ಧ ಕಿಲೋ ಆಲೂಗಡ್ಡೆಗೆ 3 ದೊಡ್ಡ ಚಮಚ ಅಕ್ಕಿ ಹಿಟ್ಟು ಅಥವಾ ಕಾರ್ನ್‌ಫ್ಲೋರ್ ಅಂಟಿಗೆ ಸಾಕು. ತೊಳೆದು ಹಿಂಡಿದ ತೆಳು ಅವಲಕ್ಕಿಯೂ ಆದೀತು. ಹಿಟ್ಟು ಹೆಚ್ಚಾದರೆ ಒಳಭಾಗ ರಬ್ಬರಿನಂತಾಗುತ್ತದೆ. ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಅರ್ಧ ಗಂಟೆ ತಣ್ಣಗಿಟ್ಟರೆ ಬಿಲ್ಲೆ ಗಟ್ಟಿಯಾಗುತ್ತದೆ.

ಹಂಚಿನಲ್ಲಿ 3–4 ಚಮಚ ಎಣ್ಣೆ ಕಾಯಿಸಿ ಚಿಟಿಕೆ ಮಿಶ್ರಣ ಹಾಕಿದರೆ ತಕ್ಷಣ ಚುರುಗುಟ್ಟಬೇಕು. ಚುರುಗುಟ್ಟದಿದ್ದರೆ ಟಿಕ್ಕಿ ಎಣ್ಣೆ ಕುಡಿಯುತ್ತದೆ. ಹೊಗೆಯಾಡಿದರೆ ಹೊರಗೆ ಕರಕಾಗಿ ಒಳಗೆ ತಣ್ಣಗೇ ಉಳಿಯುತ್ತದೆ. ಬಿಲ್ಲೆಗಳನ್ನು ನಡುವೆ ಜಾಗ ಬಿಟ್ಟು ಇಟ್ಟು, ಮಧ್ಯಮ ಉರಿಯಲ್ಲಿ 4–5 ನಿಮಿಷ ಮುಟ್ಟದೆ ಬಿಡಬೇಕು. ಕಷ್ಟದ ಭಾಗ ಈ ತಾಳ್ಮೆಯೇ. ಅಂಚು ಕಂದು ಬಣ್ಣಕ್ಕೆ ತಿರುಗಿ, ಬಿಲ್ಲೆ ತಾನಾಗಿ ಹಂಚು ಬಿಟ್ಟಾಗ ಅಗಲ ಸೌಟಿನಿಂದ ಒಮ್ಮೆ ಮಗುಚಬೇಕು. ಅಂಟಿಕೊಂಡಿದ್ದರೆ ಪದರ ಇನ್ನೂ ಕಟ್ಟಿಲ್ಲ. ಎಬ್ಬಿಸಿದರೆ ಅದು ಹಂಚಿನಲ್ಲೇ ಉಳಿಯುತ್ತದೆ. ಎರಡನೆಯ ಬದಿಗೆ 3–4 ನಿಮಿಷ ಸಾಕು. ಮುಚ್ಚಿಟ್ಟರೆ ಹಬೆಗೆ ಮೆತ್ತಗಾಗುವುದರಿಂದ ಟಿಕ್ಕಿಯನ್ನು ಕೂಡಲೇ ಬಡಿಸಬೇಕು.