ಏರಿತೇ, ಇಳಿಯಿತೇ? ಕಾಲದ ಬದಲಾವಣೆ ತೋರಿಸಲು ತಕ್ಕ ನಕ್ಷೆಯ ಆಯ್ಕೆ

ಒಂದು ಅಂಕಿ ವರ್ಷದಿಂದ ವರ್ಷಕ್ಕೆ ಅಥವಾ ದಿನದಿಂದ ದಿನಕ್ಕೆ ಹೇಗೆ ಬದಲಾಯಿತು ಎಂಬುದನ್ನು ರೇಖಾನಕ್ಷೆ, ಸ್ತಂಭನಕ್ಷೆ, ಪೈ ಚಾರ್ಟ್ ಹೀಗೆ ಹಲವು ಬಗೆಯಲ್ಲಿ ಚಿತ್ರಿಸಬಹುದು. ಗ್ರಾಮಸಭೆ, ಪೋಷಕರ ಸಭೆ ಅಥವಾ ಪತ್ರಿಕೆಯ ಓದುಗರಂಥ ಸಾಮಾನ್ಯರಿಗೆ ತೋರಿಸುವಾಗ ಯಾವುದು ತಕ್ಕದ್ದು ಎಂಬುದು ಅಂಕಿಗಳನ್ನಷ್ಟೇ ನೋಡಿದರೆ ತಿಳಿಯದು. ನೋಡುವವರ ಮನಸ್ಸಿನಲ್ಲಿರುವ ಪ್ರಶ್ನೆ ಯಾವುದು ಎಂದು ಮೊದಲು ಗೊತ್ತಾಗಬೇಕು. ಕರ್ನಾಟಕದ ಜನಗಣತಿ ಮತ್ತು ಜಲಾಶಯದ ಅಂಕಿಗಳನ್ನು ಇಟ್ಟುಕೊಂಡು ಈ ಆಯ್ಕೆಯನ್ನು ವಿವರಿಸಬಹುದು.

ರೇಖೆ ಮತ್ತು ಸ್ತಂಭದ ಹುಟ್ಟು

ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಪ್ರಕಟಿಸಿದ ವ್ಯಾಪಾರ ಕುರಿತ ಪುಸ್ತಕದಲ್ಲಿ ಇಂಗ್ಲೆಂಡಿನ ಆಮದು ರಫ್ತುಗಳ ಏರಿಳಿತವನ್ನು ರೇಖೆಗಳಲ್ಲಿ ತೋರಿಸಿದ. ಸ್ಕಾಟ್ಲೆಂಡಿನ ವ್ಯಾಪಾರದ ಸರದಿ ಬಂದಾಗ ಅವನ ಬಳಿ ಇದ್ದದ್ದು ಒಂದೇ ವರ್ಷದ ಲೆಕ್ಕ. ರೇಖೆ ಎಳೆಯಲು ಕಾಲವೇ ಇಲ್ಲದ್ದರಿಂದ ಒಂದೊಂದು ದೇಶಕ್ಕೂ ಬೇರೆ ಬೇರೆ ಪಟ್ಟಿಗಳನ್ನು ಬರೆದ. ಅದು ಇಂದಿನ ಸ್ತಂಭನಕ್ಷೆಯ ಮೊದಲ ರೂಪಗಳಲ್ಲೊಂದು.

ಈ ಭೇದ ಇಂದಿಗೂ ಉಪಯುಕ್ತ. ರೇಖೆ ಕಣ್ಣನ್ನು ಒಂದು ಬಿಂದುವಿನಿಂದ ಮುಂದಿನ ಬಿಂದುವಿಗೆ ನಡೆಸುತ್ತದೆ. ‘ಯಾವ ಕಡೆಗೆ ಸಾಗಿದೆ, ಎಷ್ಟು ಬೇಗ’ ಎಂಬ ಪ್ರಶ್ನೆಗೆ ಅದು ಸರಿ. ಸ್ತಂಭ ಪ್ರತಿ ಅವಧಿಯನ್ನೂ ಬಿಡಿಯಾಗಿ ನಿಲ್ಲಿಸುತ್ತದೆ. ‘ಆ ವರ್ಷ ಎಷ್ಟಿತ್ತು’ ಎಂಬ ಪ್ರಶ್ನೆಗೆ, ಅವಧಿಗಳೂ ಕಡಿಮೆ ಇದ್ದಾಗ, ಅದು ಸರಿ.

ಒಂದು ಉದಾಹರಣೆ: ಸಾಕ್ಷರತೆಯ ಅಂತರ

ಏಳು ವರ್ಷ ಮತ್ತು ಮೇಲಿನವರ ಸಾಕ್ಷರತೆ ಕರ್ನಾಟಕದಲ್ಲಿ ಹೀಗಿತ್ತು. 1991ರಲ್ಲಿ ಪುರುಷರು ಶೇ 67.26, ಮಹಿಳೆಯರು ಶೇ 44.34. 2001ರಲ್ಲಿ 76.10 ಮತ್ತು 56.87. 2011ರಲ್ಲಿ 82.47 ಮತ್ತು 68.08.

ಇದನ್ನು ವರ್ಷಕ್ಕೊಂದರಂತೆ ಪೈ ಚಾರ್ಟ್‌ಗಳಲ್ಲಿ ಬರೆದರೆ ನೋಡುವವರು ಒಂದು ವೃತ್ತದ ತುಂಡನ್ನು ನೆನಪಿಟ್ಟುಕೊಂಡು ಇನ್ನೊಂದು ವೃತ್ತದ ತುಂಡಿನೊಂದಿಗೆ ಹೋಲಿಸಬೇಕು. ಕೋನಗಳನ್ನು ಅಳೆಯುವುದಕ್ಕಿಂತ ಒಂದೇ ಅಳತೆಗೋಲಿನ ಮೇಲಿನ ಸ್ಥಾನಗಳನ್ನು ಹೋಲಿಸುವುದು ಕಣ್ಣಿಗೆ ಸುಲಭವೆಂದು ಸಂಶೋಧಕರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ 1984ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಇನ್ನು ಆರು ಸ್ತಂಭಗಳನ್ನು ಜೋಡಿ ಜೋಡಿಯಾಗಿ ನಿಲ್ಲಿಸಿದರೆ, ಮಹಿಳೆಯರ ಏರಿಕೆಯನ್ನು ಹಿಡಿಯಲು ಕಣ್ಣು ನಡುವೆ ನಿಂತ ಪುರುಷರ ಸ್ತಂಭಗಳನ್ನು ದಾಟಿ ದಾಟಿ ಹೋಗಬೇಕಾಗುತ್ತದೆ.

ಎರಡು ರೇಖೆಗಳಾದರೆ ಎರಡೂ ಏರುವುದು, ಕೆಳಗಿನದು ಮೇಲಿನದರ ಹತ್ತಿರಕ್ಕೆ ಬರುವುದು ಒಂದೇ ನೋಟಕ್ಕೆ ಸಿಗುತ್ತದೆ. ಗಣತಿ ನಡೆದ ವರ್ಷಗಳಲ್ಲಿ ದಪ್ಪ ಚುಕ್ಕೆ ಇಡಬೇಕು. ನಡುವಿನ ವರ್ಷಗಳನ್ನು ಯಾರೂ ಅಳೆದಿಲ್ಲ, ಗೆರೆ ಬರೀ ಜೋಡಣೆ ಎಂಬುದು ಅದರಿಂದ ತಿಳಿಯುತ್ತದೆ. ‘ಪುರುಷರು’, ‘ಮಹಿಳೆಯರು’ ಎಂಬ ಹೆಸರುಗಳನ್ನು ಮೂಲೆಯ ಬಣ್ಣದ ಪಟ್ಟಿಯಲ್ಲಿ ಕೊಡುವ ಬದಲು ರೇಖೆಯ ಬಲತುದಿಯಲ್ಲೇ ಬರೆದರೆ ಹುಡುಕುವ ಕೆಲಸ ತಪ್ಪುತ್ತದೆ.

ಇಲ್ಲೂ ಒಂದು ತೊಡಕಿದೆ. ರೇಖೆಗಳು ಓರೆಯಾಗಿದ್ದಾಗ ಕಣ್ಣು ಅವುಗಳ ನಡುವಿನ ಅತಿ ಸಮೀಪದ ದೂರವನ್ನು ನೋಡುತ್ತದೆ, ನೇರ ಲಂಬ ದೂರವನ್ನಲ್ಲ. ಹಾಗಾಗಿ ಹೇಳಬೇಕಾದದ್ದು ಅಂತರದ ಬಗ್ಗೆಯೇ ಆದರೆ ಕಳೆದು ಬಂದ ಅಂಕಿಯನ್ನೇ ಚಿತ್ರಿಸಬೇಕು. 22.92, 19.23, 14.39 ಶೇಕಡಾ ಅಂಶಗಳ ಮೂರು ಸ್ತಂಭಗಳು ಸಾಕು. ಅಂತರ ಕುಗ್ಗುತ್ತಿದೆ ಎಂದು ವಿವರಿಸುವ ಅಗತ್ಯವೇ ಬೀಳದು.

ಸೊನ್ನೆಯಿಂದ ಆರಂಭಿಸಬೇಕೇ?

ಸ್ತಂಭಕ್ಕೆ ಸೊನ್ನೆ ಬೇಕೇ ಬೇಕು, ಏಕೆಂದರೆ ನೋಡುವವರು ಅದರ ಉದ್ದವನ್ನೇ ಪ್ರಮಾಣವೆಂದು ಓದುತ್ತಾರೆ. ರಾಜ್ಯದ ಒಟ್ಟು ಸಾಕ್ಷರತೆ 1991ರಲ್ಲಿ ಶೇ 56.04 ಇದ್ದದ್ದು 2011ರಲ್ಲಿ ಶೇ 75.36 ಆಯಿತು. ಅಂದರೆ ಸುಮಾರು ಮೂರನೇ ಒಂದು ಭಾಗದಷ್ಟು ಏರಿಕೆ. ಅಳತೆಯನ್ನು 50ರಿಂದ ಆರಂಭಿಸಿದರೆ ಒಂದು ಸ್ತಂಭದ ಎತ್ತರ 6 ಚಿಲ್ಲರೆ, ಇನ್ನೊಂದರದು 25 ಚಿಲ್ಲರೆ. ಸಾಕ್ಷರತೆ ನಾಲ್ಕು ಪಟ್ಟಾಯಿತೇನೋ ಅನ್ನಿಸುತ್ತದೆ.

ರೇಖೆಗೆ ಈ ಕಟ್ಟುಪಾಡು ಸಡಿಲ, ಅಲ್ಲಿ ಓದುವುದು ಏರಿಳಿತವನ್ನು. ಆದರೂ ಅಳತೆ ಎಲ್ಲಿಂದ ಆರಂಭವಾಗಿದೆ ಎಂಬುದು ಎದ್ದು ಕಾಣಬೇಕು.

ಒಟ್ಟು ಏರುತ್ತದೆ, ದರ ಇಳಿಯುತ್ತದೆ

ಕರ್ನಾಟಕದ ಜನಸಂಖ್ಯೆ 1991ರಲ್ಲಿ ಸುಮಾರು 4.50 ಕೋಟಿ, 2001ರಲ್ಲಿ 5.29 ಕೋಟಿ, 2011ರಲ್ಲಿ 6.11 ಕೋಟಿ. ದಶಕದ ಬೆಳವಣಿಗೆ ದರ ಶೇ 17.5ರಿಂದ ಶೇ 15.6ಕ್ಕೆ ಇಳಿಯಿತು. ಈ ದರವನ್ನು ರೇಖೆಯಾಗಿ ಬರೆದರೆ ಅದು ಕೆಳಗಿಳಿಯುತ್ತದೆ, ಸಭೆಯಲ್ಲಿ ಕುಳಿತವರು ‘ಜನ ಕಡಿಮೆಯಾದರು’ ಎಂದುಕೊಂಡು ಹೋಗುತ್ತಾರೆ. ನಿಜವಾಗಿ ಎರಡನೆಯ ದಶಕದಲ್ಲಿ ಸೇರಿದವರು ಸುಮಾರು 82 ಲಕ್ಷ, ಮೊದಲ ದಶಕದ 79 ಲಕ್ಷಕ್ಕಿಂತ ಹೆಚ್ಚೇ.

ಸಾಮಾನ್ಯರಿಗೆ ಮೊದಲು ಒಟ್ಟು ಸಂಖ್ಯೆಯ ರೇಖೆ ತೋರಿಸಿ, ದರವನ್ನು ಆಮೇಲೆ ಬೇರೆ ಚಿತ್ರದಲ್ಲಿ ಕೊಡುವುದು ಲೇಸು. ಎಡಕ್ಕೊಂದು, ಬಲಕ್ಕೊಂದು ಅಳತೆಗೋಲಿಟ್ಟು ಎರಡನ್ನೂ ಒಂದೇ ನಕ್ಷೆಯಲ್ಲಿ ತುರುಕಿದರೆ ಆ ಎರಡು ರೇಖೆಗಳು ಎಲ್ಲೋ ಒಂದೆಡೆ ಅಡ್ಡ ಹಾಯಬಹುದು. ಅದಕ್ಕೆ ಅರ್ಥವೇ ಇಲ್ಲದಿದ್ದರೂ ಎಲ್ಲರ ಕಣ್ಣು ಅಲ್ಲಿಗೇ ಹೋಗುತ್ತದೆ.

ಮಳೆಗಾಲದಂತೆ ಮರಳಿ ಬರುವ ಅಂಕಿ

ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಪತ್ರಿಕೆಗಳು ಇಂದಿನ ಮಟ್ಟದ ಜೊತೆಗೆ ಕಳೆದ ವರ್ಷ ಇದೇ ದಿನದ ಮಟ್ಟವನ್ನೂ ಕೊಡುವುದುಂಟು. ಓದುಗರ ಪ್ರಶ್ನೆಯೂ ಅದೇ: ‘ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ?’ ಐದು ವರ್ಷದ ಮಟ್ಟವನ್ನು ಒಂದೇ ಉದ್ದನೆಯ ರೇಖೆಯಾಗಿ ಎಳೆದರೆ ಐದು ಅಲೆಗಳು ಕಾಣುತ್ತವೆಯೇ ಹೊರತು ಈ ಪ್ರಶ್ನೆಗೆ ಉತ್ತರ ಸಿಗದು. ಅಡ್ಡ ಅಕ್ಷದಲ್ಲಿ ಜೂನ್‌ನಿಂದ ಮೇವರೆಗಿನ ತಿಂಗಳುಗಳನ್ನಿಟ್ಟು, ವರ್ಷಗಳನ್ನು ಒಂದರ ಮೇಲೊಂದು ಹೊದಿಸಬೇಕು. ಹಳೆಯ ವರ್ಷಗಳಿಗೆ ತಿಳಿ ಬೂದು ಬಣ್ಣ, ಈ ವರ್ಷಕ್ಕೆ ಮಾತ್ರ ದಪ್ಪ ನೀಲಿ.

ಏನನ್ನು ಅಳೆಯುತ್ತಿದ್ದೇವೆ ಎಂಬುದನ್ನೂ ಇಲ್ಲಿ ನೋಡಿಕೊಳ್ಳಬೇಕು. ಜಲಾಶಯ ತಳದಲ್ಲಿ ಕಿರಿದು, ಮೇಲೆ ವಿಶಾಲ. ಮಟ್ಟ 100 ಅಡಿ ಇದ್ದರೆ ಎತ್ತರದಲ್ಲಿ ಶೇ 80 ಆಯಿತು, ಆದರೆ ಸಂಗ್ರಹ ಪೂರ್ಣ ಸಾಮರ್ಥ್ಯವಾದ ಸುಮಾರು 49.45 ಟಿಎಂಸಿಯ ಅರ್ಧಕ್ಕಿಂತ ಕಡಿಮೆ. ‘ನೀರು ಎಷ್ಟಿದೆ’ ಎಂದು ಹೇಳುವುದಾದರೆ ಟಿಎಂಸಿಯನ್ನೇ ಚಿತ್ರಿಸಿ, ಜನರಿಗೆ ರೂಢಿಯಾದ ಅಡಿಯನ್ನು ಪಕ್ಕದಲ್ಲಿ ಬರೆಯಬಹುದು.

ದಾಖಲೆಯಲ್ಲಿ ದಿನಗಳು ಬಿಟ್ಟುಹೋಗಿದ್ದರೆ ಇನ್ನೊಂದು ತಪ್ಪು ನುಸುಳುತ್ತದೆ. ಜೂನ್ 1, 2, 3ರ ನಂತರ ನೇರ 20ನೇ ತಾರೀಕಿನ ಅಂಕಿ ಇದೆ ಎನ್ನೋಣ. ತಾರೀಕುಗಳು ಪಠ್ಯವಾಗಿ ದಾಖಲಾಗಿದ್ದರೆ ಎಕ್ಸೆಲ್‌ನ Line ನಕ್ಷೆ ನಾಲ್ಕನ್ನೂ ಸಮದೂರದಲ್ಲಿ ಇಡುತ್ತದೆ, ಹದಿನೇಳು ದಿನದ ಏರಿಕೆ ಒಂದೇ ದಿನದ ಜಿಗಿತದಂತೆ ಕಾಣುತ್ತದೆ. ತಾರೀಕನ್ನು ತಾರೀಕಾಗಿಯೇ ನಮೂದಿಸಿ Scatter ನಕ್ಷೆ ಬಳಸಿದರೆ ಅಂತರಗಳು ಕಾಲಕ್ಕೆ ತಕ್ಕಂತೆ ಬೀಳುತ್ತವೆ.

ತೋರಿಸುವ ಮುನ್ನ

ಸಿದ್ಧವಾದ ನಕ್ಷೆಯ ಶೀರ್ಷಿಕೆಯನ್ನು ಕೈಯಿಂದ ಮುಚ್ಚಿ, ಆ ವಿಷಯ ತಿಳಿಯದ ಒಬ್ಬರಿಗೆ ಐದು ಸೆಕೆಂಡು ತೋರಿಸಿ, ಏನು ಕಂಡಿತು ಎಂದು ಕೇಳಬೇಕು. ಅವರು ‘ಹೆಂಗಸರು ಗಂಡಸರ ಹತ್ತಿರ ಬರ್ತಾ ಇದ್ದಾರೆ’ ಎಂದರೆ ಸಾಕ್ಷರತೆಯ ನಕ್ಷೆ ಸರಿಯಾಗಿದೆ. ‘ಬಣ್ಣ ಚೆನ್ನಾಗಿದೆ’ ಎಂದರೆ ಮತ್ತೆ ಬರೆಯಬೇಕು.