ಪದ ಪರಿಚಯ: ಕೋಹಾರ್ಟ್, ಕೇಸ್-ಕಂಟ್ರೋಲ್

ಲ್ಯಾಟಿನ್ ಮೂಲದ ‘ಕೋಹಾರ್ಟ್’ ರೋಮನ್ ಸೇನೆಯ ಒಂದು ತುಕಡಿಯ ಹೆಸರು. ಆರೋಗ್ಯ ಸಂಶೋಧನೆಯಲ್ಲಿ ಅದು ರೋಗವಿಲ್ಲದವರ ಗುಂಪು. ಅವರನ್ನು ವರ್ಷಗಟ್ಟಲೆ ಗಮನಿಸಿ ಯಾರಿಗೆ ರೋಗ ಬಂತೆಂದು ನೋಡುತ್ತಾರೆ. ಬಾಯಿ ಕ್ಯಾನ್ಸರ್ ವರ್ಷಕ್ಕೆ ಲಕ್ಷದಲ್ಲಿ 10 ಮಂದಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ತಾಂಬಾ ಗ್ರಾಮದ ಸುತ್ತಲಿನ 10,000 ಜನರ ಬೆನ್ನುಹತ್ತಿದರೂ ವರ್ಷಕ್ಕೆ ಸಿಗುವುದು ಒಬ್ಬರೇ.

ಕೇಸ್-ಕಂಟ್ರೋಲ್ ಹಿಮ್ಮುಖವಾಗಿ ನಡೆಯುತ್ತದೆ. ಮೊದಲು ರೋಗಿಗಳನ್ನು ಹುಡುಕಿ, ಆಮೇಲೆ ಹಿಂದಿನ ಅಭ್ಯಾಸ ಕೇಳುತ್ತಾರೆ. 1990ರಲ್ಲಿ ಪ್ರಕಟವಾದ ಬೆಂಗಳೂರಿನ ಅಧ್ಯಯನ 348 ಬಾಯಿ ಕ್ಯಾನ್ಸರ್ ರೋಗಿಗಳನ್ನು ಅದೇ ವಯಸ್ಸು, ಲಿಂಗ, ಬಡಾವಣೆಯ ಅಷ್ಟೇ ಮಂದಿ ರೋಗವಿಲ್ಲದವರೊಂದಿಗೆ ಹೋಲಿಸಿ, ತಂಬಾಕು ಜಗಿಯುವವರಿಗೆ ಅಪಾಯ ಹೆಚ್ಚೆಂದು ತೋರಿಸಿತು. ಆದರೆ ರೋಗಿ ತನ್ನ ಚಟವನ್ನು ಇತರರಿಗಿಂತ ಕೆದಕಿ ನೆನೆಯುತ್ತಾನೆ. ಲೆಕ್ಕ ವಾಲುವುದು ಅಲ್ಲೇ. ಊರಿನಲ್ಲಿ ರೋಗ ಎಷ್ಟಿದೆಯೆಂಬುದೂ ಇದರಿಂದ ತಿಳಿಯದು.